ಮೂರು ಸಲ ಹರಿದ ನಿರೋಧ್: ಕೋಲಾರದ ಒಂದು ಪ್ರಕರಣ

ಸೋಮವಾರ ಬೆಳಿಗ್ಗೆ ಹತ್ತೂಕಾಲು. ಕೇಂದ್ರದ ಬಾಗಿಲು ತೆಗೆದು ರಿಜಿಸ್ಟರ್ ಬಿಡಿಸಿಟ್ಟಿದ್ದೆ ಅಷ್ಟೇ. ಗಂಡ ಹೆಂಡತಿ ಇಬ್ಬರೂ ಒಳಗೆ ಬಂದರು. ಆಕೆ ಬ್ಯಾಗಿನಿಂದ ಒಂದು ನ್ಯೂಸ್‌ಪೇಪರ್ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಬಿಚ್ಚಿದರೆ ಒಳಗೆ ಹಾಲಿನ ಪ್ಯಾಕೆಟ್ಟಿನ ಕವರು, ಅದರೊಳಗೆ ಹರಿದ ಎರಡು ನಿರೋಧ್. "ನೋಡಿ ಮೇಡಮ್, ಇದು ಮೂರನೇ ಸಲ. ನೀವು ಕೊಟ್ಟ ಮಾಲೇ ಸರಿ ಇಲ್ಲ" ಎಂದರು ಆಕೆ. ಗಂಡ ಗೋಡೆಯ ಕಡೆ ನೋಡುತ್ತಿದ್ದರು.

ಎಚ್‌ಐವಿ ಪರೀಕ್ಷೆ ಮತ್ತು ಆಪ್ತ ಸಮಾಲೋಚನೆ ನನ್ನ ಕೆಲಸ. ಎಷ್ಟೋ ವರ್ಷದ ಈ ಕೆಲಸದಲ್ಲಿ ಹರಿದ ನಿರೋಧನ್ನು ಸಾಕ್ಷಿ ಥರ ಕಟ್ಟಿಕೊಂಡು ಬಂದವರು ಇವರೊಬ್ಬರೇ. ಒಳ್ಳೆಯದೇ ಆಯಿತು. ಸುಮಾರು ಜನ "ಒಡೆದೋಯ್ತು" ಅಂತ ಒಂದೇ ಮಾತು ಹೇಳಿ ಸುಮ್ಮನಾಗುತ್ತಾರೆ. ಎಲ್ಲಿ ಒಡೆಯಿತು, ಹೇಗೆ ಒಡೆಯಿತು ಅಂತ ಕೇಳಿದರೆ ಗೊತ್ತಿರುವುದಿಲ್ಲ. ಇಲ್ಲಿ ಕಣ್ಣಾರೆ ನೋಡುವುದಕ್ಕೆ ಸಿಕ್ಕಿತು.

ಇವರ ಹೆಸರು, ಊರು ಬರೆಯುವುದಿಲ್ಲ. ಡ್ರೈವರಣ್ಣ, ಅಕ್ಕ ಅಂತಲೇ ಕರೆಯುತ್ತೇನೆ. ಆತನಿಗೆ 38, ಆಕೆಗೆ 33. ಡ್ರೈವರಣ್ಣ ಕೋಲಾರದ ಎಪಿಎಂಸಿಯಿಂದ ಟೊಮೆಟೊ ಹೇರಿಕೊಂಡು ದೂರದ ರಾಜ್ಯಗಳಿಗೆ ಹೋಗುತ್ತಾರೆ. ಸೀಸನ್ನಿನಲ್ಲಿ ತಿಂಗಳಿಗೆ ಐದಾರು ದಿನ ಮನೆಯಲ್ಲಿದ್ದರೆ ಹೆಚ್ಚು. ಇಬ್ಬರು ಮಕ್ಕಳು. ಎರಡನೇ ಹೆರಿಗೆ ಆದಮೇಲೆ ಅಕ್ಕ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಮೇ ತಿಂಗಳಲ್ಲಿ ಡ್ರೈವರಣ್ಣನಿಗೆ ಎಚ್‌ಐವಿ ಇರುವುದು ಗೊತ್ತಾಯಿತು. ಆಗಲೇ ವೈರಸ್ಸನ್ನು ಅದುಮಿಡುವ ಎಆರ್‌ಟಿ ಮಾತ್ರೆ ಶುರುವಾಯಿತು. ಅಕ್ಕನ ಪರೀಕ್ಷೆ ನೆಗೆಟಿವ್ ಬಂತು. ಈಗ ಆಗಸ್ಟ್. ಅಂದರೆ ಮಾತ್ರೆ ಶುರುವಾಗಿ ಮೂರು ತಿಂಗಳು. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಹೇಳುವ ವೈರಲ್ ಲೋಡ್ ಪರೀಕ್ಷೆ ಆರನೇ ತಿಂಗಳಿಗೆ ಆಗಬೇಕಿತ್ತು. ಅದು ಗೊತ್ತಾಗುವ ತನಕ ಪ್ರತಿ ಸಲವೂ ನಿರೋಧ್ ಬೇಕೇ ಬೇಕು ಅಂತ ಹೇಳಿ ಕಳಿಸಿದ್ದೆವು.

ಕಾರಣ ಹುಡುಕುವುದಕ್ಕೆ ಮೊದಲು ಗಡಿಯಾರ ನೋಡಬೇಕಿತ್ತು. "ಯಾವತ್ತು ಹರೀತು?" ಅಂತ ಕೇಳಿದೆ. ಶನಿವಾರ ರಾತ್ರಿ ಹನ್ನೊಂದರ ಹೊತ್ತಿಗೆ ಎಂದರು. ಲೆಕ್ಕ ಹಾಕಿದರೆ 35 ಗಂಟೆ. ಎಚ್‌ಐವಿ ದೇಹದಲ್ಲಿ ಬೇರು ಬಿಡದ ಹಾಗೆ ತಡೆಯುವ ಮಾತ್ರೆ ಇದೆ, ಪೆಪ್ ಅಂತ ಕರೆಯುತ್ತೇವೆ. 72 ಗಂಟೆಯ ಒಳಗೆ ಶುರು ಮಾಡಬೇಕು. ಅದರಲ್ಲೂ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಆಮೇಲೆ 28 ದಿನ ಒಂದೂ ತಪ್ಪದೆ ನುಂಗಬೇಕು. ಇದಕ್ಕೂ ಮುಂಚೆ ಎರಡು ಸಲ ಹರಿದಾಗ ಇವರು ಬಂದಿರಲೇ ಇಲ್ಲ. "ಲಾರಿ ಲೋಡ್ ಆಗಿತ್ತು ಮೇಡಮ್" ಅಂದರು ಡ್ರೈವರಣ್ಣ. ಈ ಸಲ ಅಕ್ಕನೇ ಹಟ ಹಿಡಿದು ಕರೆದುಕೊಂಡು ಬಂದಿದ್ದರು.

ಆ ಹೊತ್ತಿಗೇ ಅಕ್ಕನ ಎಚ್‌ಐವಿ ಪರೀಕ್ಷೆ ಮಾಡಿದೆವು. ನೆಗೆಟಿವ್. ಎಆರ್‌ಟಿ ಕೇಂದ್ರದ ಡಾಕ್ಟರು ಇಬ್ಬರನ್ನೂ ನೋಡಿದರು, ಅಕ್ಕನ ರಕ್ತ ತೆಗೆಸಿದರು, ಅಲ್ಲೇ ಮೊದಲ ಮಾತ್ರೆ ನುಂಗಿಸಿದರು. ದಿನಕ್ಕೆ ಒಂದು. ಡಬ್ಬಿ ನೋಡಿ ಅಕ್ಕ, "ಇವ್ರು ನುಂಗೋ ಮಾತ್ರೆನೇ ಅಲ್ವಾ ಇದು?" ಅಂದರು. ಹೌದು, ಅದೇ ಮಾತ್ರೆ. ಗಂಡನಿಗೆ ಜೀವನಪೂರ್ತಿ, ಹೆಂಡತಿಗೆ 28 ದಿನ.

ಇಷ್ಟಾದಮೇಲೆ ಮೂವರೂ ವಾಪಸ್ ನನ್ನ ಕೋಣೆಗೆ ಬಂದು ಕೂತೆವು. ಫ್ಯಾನ್ ಹಾಕಿದೆ, ಬಾಗಿಲು ಮುಚ್ಚಿದೆ, ಕೈಗೆ ಗ್ಲೌಸ್ ಹಾಕಿಕೊಂಡು ಪೊಟ್ಟಣ ಬಿಚ್ಚಿದೆ.

ಎರಡು ನಿರೋಧ್ ಯಾಕಿವೆ ಅನ್ನುವುದೇ ನನ್ನ ಮೊದಲ ಪ್ರಶ್ನೆ. ಎರಡನ್ನೂ ಒಟ್ಟಿಗೆ, ಒಂದರ ಮೇಲೊಂದು ಹಾಕಿಕೊಂಡಿದ್ದರಂತೆ. ಮೊದಲೆರಡು ಸಲ ಹರಿದಿತ್ತಲ್ಲ, ಹಾಗಾಗಿ ಗೆಳೆಯನೊಬ್ಬ, ಅವನೂ ಡ್ರೈವರೇ, ಈ ಉಪಾಯ ಹೇಳಿಕೊಟ್ಟಿದ್ದ. ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಚಳಿಗೆ ಎರಡು ಸ್ವೆಟರ್ ಹಾಕಿದ ಹಾಗೆ. ಆದರೆ ರಬ್ಬರಿಗೆ ರಬ್ಬರು ಉಜ್ಜಿದರೆ ಎರಡೂ ಸವೆಯುತ್ತವೆ, ಒಂದು ಇನ್ನೊಂದನ್ನು ಎಳೆಯುತ್ತದೆ. ಹಾಗಾಗಿ ಒಂದು ಸಲಕ್ಕೆ ಒಂದೇ.

ಆಮೇಲೆ ಹರಿದ ಜಾಗ. ಒಂದು ತುದಿಯಲ್ಲಿ ಬಿರಿದಿತ್ತು. ಇನ್ನೊಂದು ಉದ್ದಕ್ಕೆ, ಬಾಳೆ ಎಲೆ ಸೀಳಿದ ಹಾಗೆ ಸೀಳಿತ್ತು. ಹರಿದ ಜಾಗ ನೋಡಿ ಕಾರಣವನ್ನು ಖಡಾಖಂಡಿತವಾಗಿ ಹೇಳುವುದಕ್ಕೆ ಆಗುವುದಿಲ್ಲ. ಆದರೆ ಮುಂದೆ ಏನು ಕೇಳಬೇಕು ಅನ್ನುವುದು ಗೊತ್ತಾಗುತ್ತದೆ. ಬಾಯಿಯ ರಿಂಗಿನ ಹತ್ತಿರ ಸಣ್ಣ ಸೀಳು ಇದ್ದರೆ ಉಗುರು, ಹಲ್ಲು, ಉಂಗುರದ ಬಗ್ಗೆ ಕೇಳುತ್ತೇನೆ. ತುದಿ ಬಿರಿದಿದ್ದರೆ ತುದಿಯನ್ನು ಹಿಂಡಿ ಹಾಕಿದರಾ, ಒಳಗೆ ಒಣಗಿತ್ತಾ ಅಂತ ಕೇಳುತ್ತೇನೆ. ಉದ್ದಕ್ಕೆ ಸೀಳಿದ್ದರೆ ಮೊದಲು ಕೇಳುವುದು ಎಣ್ಣೆ.

ಈ ಸೀಳಿದ ನಿರೋಧನ್ನು ಬೆರಳಲ್ಲಿ ಉಜ್ಜಿದೆ. ಮಾಮೂಲಿ ನಿರೋಧಿನ ಮೇಲಿರುವ ಜಾರಿಕೆ ಬೇರೆ ಥರ. ಇದು ಜಿಡ್ಡು ಜಿಡ್ಡಾಗಿತ್ತು. ಮೂಗಿನ ಹತ್ತಿರ ತರುವುದೇ ಬೇಕಾಗಲಿಲ್ಲ, ಕೊಬ್ಬರಿ ಎಣ್ಣೆಯ ವಾಸನೆ ಕೋಣೆಗೆಲ್ಲ ಬಂದಿತ್ತು.

"ಎಣ್ಣೆ ಹಚ್ಚಿದ್ರಾ?" ಅಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕ ತಲೆ ತಗ್ಗಿಸಿ, "ನಂಗೆ ಉರಿ ಆಗ್ತಿತ್ತು ಮೇಡಮ್. ಅದ್ಕೆ ಸ್ವಲ್ಪ ಕೊಬ್ಬರಿ ಎಣ್ಣೆ" ಅಂದರು.

ಇದನ್ನು ತಪ್ಪು ಅಂತ ಹೇಗೆ ಅನ್ನಲಿ? ಗಂಡನಿಗೆ ಎಚ್‌ಐವಿ ಅಂತ ಗೊತ್ತಾದ ಮೂರೇ ತಿಂಗಳಲ್ಲಿ, ಇವತ್ತು ಹರಿದರೆ ಏನು ಗತಿ ಅನ್ನುವ ಭಯದಲ್ಲಿ ಮಲಗುವ ಹೆಂಗಸಿಗೆ ಒದ್ದೆಯಾಗುವುದಾದರೂ ಹೇಗೆ? ಒಣಗಿದ್ದಾಗ ಸೇರಿದರೆ ಆಕೆಗೆ ಉರಿ, ಒಳಗೆ ಸಣ್ಣ ಸಣ್ಣ ಗೀರು. ನಿರೋಧಿಗೂ ಜಗ್ಗಾಟ. ಒಣಗಿದ್ದು ನಿಜ, ಏನಾದರೂ ಹಚ್ಚಬೇಕು ಅನ್ನಿಸಿದ್ದೂ ಸರಿ. ಹಚ್ಚಿದ ವಸ್ತು ಮಾತ್ರ ಬೇರೆ ಆಗಬೇಕಿತ್ತು.

ಎಣ್ಣೆ ಏನು ಮಾಡುತ್ತದೆ ಅಂತ ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅದಕ್ಕೇ ನನ್ನ ಡ್ರಾಯರಿನಲ್ಲಿ ಒಂದು ಚಿಕ್ಕ ಎಣ್ಣೆ ಬಾಟಲಿ ಇಟ್ಟುಕೊಂಡಿರುತ್ತೇನೆ. ಹೊಸ ನಿರೋಧ್ ಎರಡು ತೆಗೆದು ಬಲೂನಿನ ಥರ ಊದಿ ಗಂಟು ಹಾಕಿದೆ. ಒಂದನ್ನು ಡ್ರೈವರಣ್ಣನ ಕೈಗೆ ಕೊಟ್ಟು ನೀರಿನ ಜೆಲ್ ಹಚ್ಚಿ ಉಜ್ಜುವುದಕ್ಕೆ ಹೇಳಿದೆ. ಇನ್ನೊಂದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಅಕ್ಕ ಉಜ್ಜಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಅಕ್ಕ ನನ್ನನ್ನು ಅನುಮಾನದಿಂದ ನೋಡಿದರು. ಮೂರು ನಿಮಿಷ ಆಗಿತ್ತೋ ಇಲ್ಲವೋ, ಟಪ್ ಅಂತ ಸದ್ದು. ಅಕ್ಕನ ಕೈಯಲ್ಲಿ ಚಿಂದಿ ರಬ್ಬರು. ಡ್ರೈವರಣ್ಣ ಉಜ್ಜುತ್ತಲೇ ಇದ್ದರು, ಅವರದು ಏನೂ ಆಗಿರಲಿಲ್ಲ. ಮೊದಲ ಸಲ ನಕ್ಕರು.

ಮಾಮೂಲಿ ನಿರೋಧ್ ಲ್ಯಾಟೆಕ್ಸಿನದು, ಅಂದರೆ ರಬ್ಬರ್ ಮರದ ಹಾಲು. ಎಣ್ಣೆ ಅದರೊಳಗೆ ಇಳಿದು ಅದನ್ನು ಉಬ್ಬಿಸುತ್ತದೆ, ಮೆತ್ತಗೆ ಮಾಡುತ್ತದೆ. ನಿಮಿಷಗಳಲ್ಲಿ ಅರ್ಧಕ್ಕರ್ಧ ಶಕ್ತಿ ಹೋಗುತ್ತದೆ. ಕೊಬ್ಬರಿ ಎಣ್ಣೆ ಒಂದೇ ಅಲ್ಲ. ವ್ಯಾಸಲಿನ್, ತುಪ್ಪ, ಬೆಣ್ಣೆ, ಬೇಬಿ ಆಯಿಲ್, ಕೈಗೆ ಹಚ್ಚುವ ಕ್ರೀಮು ಎಲ್ಲವೂ ಇದೇ ಸಾಲಿಗೆ ಸೇರಿದವು. ಇನ್ನೊಂದನ್ನು ಡಾಕ್ಟರುಗಳೂ ಎಷ್ಟೋ ಸಲ ಹೇಳಲು ಮರೆಯುತ್ತಾರೆ. ಬಿಳಿ ಸೆರಗಿಗೆ, ತುರಿಕೆಗೆ ಒಳಗೆ ಇಟ್ಟುಕೊಳ್ಳುವುದಕ್ಕೆ ಕೊಡುವ ಕೆಲವು ಮಾತ್ರೆ, ಕ್ರೀಮುಗಳಲ್ಲೂ ಎಣ್ಣೆಯ ಅಂಶ ಇರುತ್ತದೆ. ಆ ದಿನಗಳಲ್ಲಿ ನಿರೋಧನ್ನು ನಂಬುವ ಹಾಗಿಲ್ಲ. ಮೆಡಿಕಲ್ ಶಾಪಿನಲ್ಲಿ ನೀರಿನ ಜೆಲ್ ಕೇಳಿ ತೆಗೆದುಕೊಳ್ಳಬೇಕು. ಗುರುತಿಸುವುದು ಸುಲಭ: ಒಂದು ಹನಿ ಕೈಗೆ ಹಚ್ಚಿ ನಲ್ಲಿ ಕೆಳಗೆ ಹಿಡಿದರೆ ಸೋಪಿಲ್ಲದೆ ತೊಳೆದು ಹೋಗಬೇಕು. ಜಿಡ್ಡು ಉಳಿದರೆ ಅದು ಬೇಡ. ಸಿಲಿಕೋನ್ ಜೆಲ್ ಅಂತ ಒಂದಿದೆ, ಅದು ನೀರಿಗೆ ಹೋಗುವುದಿಲ್ಲ, ಆದರೆ ಲ್ಯಾಟೆಕ್ಸಿಗೆ ಏನೂ ಮಾಡುವುದಿಲ್ಲ. ಪ್ಯಾಕೆಟ್ಟಿನ ಮೇಲೆ ಸಿಲಿಕೋನ್ ಅಂತ ಬರೆದಿದ್ದರೆ ತೆಗೆದುಕೊಳ್ಳಬಹುದು.

ಎರಡನೇ ಸಲ ಹರಿದದ್ದಕ್ಕೂ ಎಣ್ಣೆಯೇ ಕಾರಣ ಅಂತ ಮಾತಿನಲ್ಲೇ ಗೊತ್ತಾಯಿತು. ಮೊದಲನೇ ಸಲ ಮಾತ್ರ ಎಣ್ಣೆ ಹಚ್ಚಿರಲಿಲ್ಲ. ಹಾಗಾದರೆ ಅದು ಯಾಕೆ ಹರಿಯಿತು?

"ಆ ನಿರೋಧ್ ಎಲ್ಲಿಟ್ಟಿದ್ರಿ ಅಣ್ಣ?" ಅಂದೆ. ಲಾರಿಯಲ್ಲಿ, ಗಾಜಿನ ಹತ್ತಿರ, ದೇವರ ಫೋಟೋ ಹಿಂದೆ. ಯಾವಾಗಿನಿಂದ? ಮಾರ್ಚಿನಿಂದ. ಹೆದ್ದಾರಿಯಲ್ಲಿ ಲಾರಿಯವರಿಗೆ ಹಂಚುವವರು ಕೊಟ್ಟ ಸ್ಟ್ರಿಪ್ ಅದು. ಅಂದರೆ ಇಡೀ ಬೇಸಿಗೆ ಅದು ಬಿಸಿಲಿಗೆ ಎದುರಾಗಿ ಕೂತಿತ್ತು. ಏಪ್ರಿಲ್ ಮಧ್ಯಾಹ್ನ ನಿಂತ ಲಾರಿಯ ಕ್ಯಾಬಿನ್ನಿಗೆ ಕೈ ಹಾಕಿದವರಿಗೆ ಅಲ್ಲಿನ ಶಾಖ ಗೊತ್ತು. ಅದರಲ್ಲೇ ಎರಡನ್ನು ಮನೆಗೆ ಬರುವಾಗ ಪ್ಯಾಂಟಿನ ಹಿಂದಿನ ಜೇಬಿನ ಪರ್ಸಿಗೆ ಸೇರಿಸಿದ್ದರು. ಸೀಟಿನ ಮೇಲೆ ಕೂತು ಕೂತು ಸಾವಿರ ಕಿಲೋಮೀಟರ್. ತೆಗೆದಾಗ ಹೇಗಿತ್ತು ಅಂತ ಕೇಳಿದೆ. ಸ್ವಲ್ಪ ಅಂಟು ಅಂಟಾಗಿತ್ತು, ಬಿಚ್ಚುವಾಗ ಕಷ್ಟ ಆಯಿತು ಎಂದರು. ಅಲ್ಲಿಗೆ ಉತ್ತರ ಸಿಕ್ಕಿತು. ಶಾಖಕ್ಕೆ ರಬ್ಬರು ಹಾಳಾಗುತ್ತದೆ, ಮೇಲಿನ ಜಾರಿಕೆಯೂ ಒಣಗುತ್ತದೆ. ಅಂಟು, ಗಟ್ಟಿ, ಬಣ್ಣ ಬದಲಾದದ್ದು, ಯಾವುದಾದರೂ ಸರಿ, ಕಂಡರೆ ಎಸೆಯಬೇಕು.

ಪ್ಯಾಕೆಟ್ಟಿನ ಮೇಲೆ ತಾರೀಖು ಇನ್ನೂ ಎರಡು ವರ್ಷ ಇತ್ತಂತೆ. ಹೌದು, ತಯಾರಾದ ದಿನದಿಂದ ಮೂರರಿಂದ ಐದು ವರ್ಷ ಇರುತ್ತದೆ. ಆದರೆ ಆ ತಾರೀಖು ತಂಪಾದ, ಒಣಗಿದ ಜಾಗದಲ್ಲಿ ಇಟ್ಟರೆ ಮಾತ್ರ. ದೇವರ ಫೋಟೋ ಹಿಂದೆ ಇಟ್ಟರೂ ಲೆಕ್ಕ ಅದೇ.

"ಮಾಲು ಸರಿ ಇಲ್ಲ" ಅನ್ನುವ ಮಾತಿಗೂ ಉತ್ತರ ಹೇಳಬೇಕಲ್ಲ. ಕಾರ್ಖಾನೆಯಲ್ಲಿ ಪ್ರತಿಯೊಂದು ನಿರೋಧಿಗೂ ತೂತಿದೆಯಾ ಅಂತ ಕರೆಂಟಿನ ಪರೀಕ್ಷೆ ಆಗುತ್ತದೆ. ಪ್ರತಿ ಲಾಟಿನಿಂದ ಒಂದಷ್ಟನ್ನು ತೆಗೆದು ಒಡೆಯುವ ತನಕ ಗಾಳಿ ತುಂಬುತ್ತಾರೆ. ಮಾಮೂಲಿ ಅಳತೆಯ ನಿರೋಧ್ ಕನಿಷ್ಠ 18 ಲೀಟರ್ ಗಾಳಿ ತಡೆಯಬೇಕು. ಇಪ್ಪತ್ತು ಲೀಟರಿನ ನೀರಿನ ಕ್ಯಾನಿಗಿಂತ ಸ್ವಲ್ಪ ಕಡಿಮೆ ಅಂದುಕೊಳ್ಳಿ. ಸರ್ಕಾರ 1968ರಲ್ಲಿ ನಿರೋಧ್ ಅಂತ ಹೆಸರಿಟ್ಟು ಹಂಚುವುದಕ್ಕೆ ಶುರು ಮಾಡಿದ ಮೇಲೆ ನಮ್ಮ ಕಡೆ ಯಾವ ಕಂಪನಿಯದಾದರೂ ನಿರೋಧೇ ಆಗಿಹೋಯಿತು. ಪುಕ್ಕಟೆಯದು ಕಳಪೆ, ದುಡ್ಡಿನದು ಗಟ್ಟಿ ಅನ್ನುವ ಮಾತೂ ಜೊತೆಗೇ ಬಂತು. ವಾಸನೆ, ಬಣ್ಣ, ಚುಕ್ಕೆಗಳಿಗೆ ದುಡ್ಡು ಹೆಚ್ಚು, ಅಷ್ಟೇ. ಸರಿಯಾಗಿ ಬಳಸುವವರಲ್ಲಿ ನೂರಕ್ಕೆ ಒಂದೋ ಎರಡೋ ಹರಿಯಬಹುದು. ಇವರು ಆರು ವಾರದಲ್ಲಿ ಬಳಸಿದ್ದು ಹನ್ನೊಂದು ಸಲ. ಮೂರು ಸಲ ಹರಿದಿದೆ, ಒಂದು ಸಲ ಜಾರಿದೆ. ಈ ಲೆಕ್ಕ ಬಂದರೆ ಹುಡುಕಬೇಕಾದ ಜಾಗ ಮನೆಯೇ.

ಜಾರಿದ ಕಥೆ ಆಮೇಲೆ ಹೊರಬಂತು. ಅದನ್ನು ಅವರು ಹೇಳುವುದಕ್ಕೇ ಮರೆತಿದ್ದರು, "ಹರಿದಿಲ್ವಲ್ಲ" ಅಂತ. ಎಲ್ಲ ಮುಗಿದ ಮೇಲೆ ಡ್ರೈವರಣ್ಣ ಹಾಗೇ ಮಲಗಿಬಿಟ್ಟಿದ್ದಾರೆ. ಸ್ವಲ್ಪ ಹೊತ್ತಿಗೆ ಸಡಿಲ ಆಗಿದೆ, ಎದ್ದರೆ ನಿರೋಧ್ ಒಳಗೇ ಉಳಿದಿದೆ. ಹರಿದದ್ದಕ್ಕೂ ಇದಕ್ಕೂ ಅಪಾಯದಲ್ಲಿ ಏನೂ ವ್ಯತ್ಯಾಸ ಇಲ್ಲ.

ಮೇಜಿನ ಮೇಲೆ ಪ್ಲಾಸ್ಟಿಕ್ ಮಾಡೆಲ್ ಇಟ್ಟು, "ನೀವು ಹೇಗೆ ಹಾಕ್ತೀರೋ ಹಾಗೇ ಹಾಕಿ ತೋರಿಸಿ" ಅಂದೆ. ನಾನು ಮೊದಲು ತೋರಿಸುವುದಿಲ್ಲ. ತೋರಿಸಿಬಿಟ್ಟರೆ ನನ್ನನ್ನು ನೋಡಿ ಹಾಗೇ ಮಾಡುತ್ತಾರೆ, ಅವರು ಮನೆಯಲ್ಲಿ ಮಾಡುವುದು ಗೊತ್ತಾಗುವುದಿಲ್ಲ. ಡ್ರೈವರಣ್ಣ ಪ್ಯಾಕೆಟನ್ನು ನೇರ ಹಲ್ಲಿಗೆ ಕೊಟ್ಟರು. ಆಮೇಲೆ ಸುರುಳಿಯ ಉಲ್ಟಾ ಬದಿ ಇಟ್ಟರು. ಅದು ಬಿಚ್ಚಿಕೊಳ್ಳಲಿಲ್ಲ. ತಿರುಗಿಸಿ ಅದನ್ನೇ ಹಾಕಿದರು. ತುದಿ ಹಿಂಡಲಿಲ್ಲ, ಅಲ್ಲಿ ಗಾಳಿ ಗುಳ್ಳೆಯಾಗಿ ಉಳಿಯಿತು. ಅರ್ಧಕ್ಕೇ ಬಿಟ್ಟರು. "ಇಷ್ಟೇ ಬರೋದು ಮೇಡಮ್, ನಂಗೆ ಸಾಲಲ್ಲ." ಈ ಮಾತು ನನಗೆ ಹೊಸದಲ್ಲ. ಇನ್ನೊಂದು ನಿರೋಧ್ ತೆಗೆದು ನನ್ನ ಮುಷ್ಟಿಗೆ ಹಾಕಿ ಮೊಣಕೈ ಹತ್ತಿರದ ತನಕ ಎಳೆದು ತೋರಿಸಿದೆ. ಅಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು.

ಆಮೇಲೆ ನಿಧಾನವಾಗಿ ಒಂದು ಸಲ ಒಟ್ಟಿಗೆ ಮಾಡಿದೆವು. ಮೊದಲು ಪ್ಯಾಕೆಟನ್ನು ಬೆರಳಲ್ಲಿ ಒತ್ತಿ ನೋಡಬೇಕು, ಒಳಗೆ ಗಾಳಿ ಇರುವುದು ಕೈಗೆ ಗೊತ್ತಾಗಬೇಕು. ಗಾಳಿ ಇಲ್ಲ ಅಂದರೆ ಪ್ಯಾಕೆಟ್ ತೂತಾಗಿದೆ. ಒಳಗಿನದನ್ನು ಒಂದು ಬದಿಗೆ ಸರಿಸಿ ಇನ್ನೊಂದು ಬದಿಯಿಂದ ಕೈಯಲ್ಲೇ ಹರಿಯಬೇಕು. ಶಿಶ್ನ ಗಟ್ಟಿಯಾದ ಮೇಲೆ, ಹೆಂಡತಿಯನ್ನು ಮುಟ್ಟುವುದಕ್ಕೆ ಮುಂಚೆಯೇ ಹಾಕಬೇಕು. ಕೊನೆಗೆ ಹಾಕಿಕೊಂಡರಾಯಿತು ಅನ್ನುವವರು ಸುಮಾರು ಜನ ಇದ್ದಾರೆ. ಮೊದಲೇ ಬರುವ ತಿಳಿ ದ್ರವದಲ್ಲೂ ವೈರಸ್ ಇರಬಹುದು. ತುದಿಯನ್ನು ಎರಡು ಬೆರಳಲ್ಲಿ ಹಿಂಡಿ ಹಿಡಿದೇ ಬುಡದ ತನಕ ಬಿಚ್ಚಬೇಕು. ಉಲ್ಟಾ ಇಟ್ಟು ಮುಟ್ಟಿಸಿಬಿಟ್ಟರೆ ಅದನ್ನು ತಿರುಗಿಸಿ ಹಾಕುವುದು ಬೇಡ, ಆ ದ್ರವ ಈಗ ಹೊರಬದಿಗೆ ಬಂದಿರುತ್ತದೆ. ಹೊಸದು ತೆಗೆಯಬೇಕು. ವೀರ್ಯ ಹೋದ ಕೂಡಲೇ, ಇನ್ನೂ ಗಟ್ಟಿ ಇರುವಾಗಲೇ, ಬುಡದ ರಿಂಗನ್ನು ಹಿಡಿದುಕೊಂಡು ಹೊರಗೆ ಬರಬೇಕು. ಗಂಟು ಹಾಕಿ ಪೇಪರಿನಲ್ಲಿ ಸುತ್ತಿ ಕಸಕ್ಕೆ. ಕಕ್ಕಸಿಗೆ ಹಾಕಿದರೆ ಪೈಪು ಕಟ್ಟುತ್ತದೆ.

ಎರಡನೇ ಪ್ರಯತ್ನಕ್ಕೆ ಡ್ರೈವರಣ್ಣ ಸರಿಯಾಗಿ ಹಾಕಿದರು. ಲಾರಿ ಗೇರು ಹಾಕುವ ಕೈ, ಕಲಿಯುವುದು ಬೇಗ.

ಹರಿದ ರಾತ್ರಿ ಏನು ಮಾಡಿದಿರಿ ಅಂತ ಕೇಳಿದಾಗ ಇನ್ನೊಂದು ವಿಷಯ ಸಿಕ್ಕಿತು. ಅಕ್ಕ ಬಚ್ಚಲಿಗೆ ಹೋಗಿ ಡೆಟಾಲ್ ಬೆರೆಸಿದ ನೀರಿನಲ್ಲಿ ಒಳಗೆಲ್ಲ ತೊಳೆದುಕೊಂಡಿದ್ದರು. ಮೊದಲೇ ಉರಿಯುತ್ತಿದ್ದ ಜಾಗ ಅದು. ಡೆಟಾಲ್, ಸೋಪು ಯಾವುದೂ ಒಳಗೆ ಹೋದ ವೈರಸ್ಸನ್ನು ಹೊರಗೆ ತರುವುದಿಲ್ಲ. ಒಳಗಿನ ತೆಳು ಚರ್ಮ ಕೆರೆದ ಹಾಗಾಗಿ ವೈರಸ್ಸಿಗೆ ದಾರಿ ಇನ್ನೂ ಸಲೀಸಾಗುತ್ತದೆ. ಹರಿದದ್ದು ಗೊತ್ತಾದ ಕೂಡಲೇ ನಿಲ್ಲಿಸಬೇಕು, ಹೊರಗೆ ಬರಬೇಕು, ಹೊರಭಾಗವನ್ನಷ್ಟೇ ಬರೀ ನೀರಿನಲ್ಲಿ ತೊಳೆದುಕೊಳ್ಳಬೇಕು, ಬೆಳಿಗ್ಗೆ ಆಸ್ಪತ್ರೆಗೆ ಬರಬೇಕು. ಆಪರೇಷನ್ ಆಗಿಲ್ಲದ ಹೆಂಗಸಾದರೆ ಅದೇ 72 ಗಂಟೆಯೊಳಗೆ ಬಸಿರು ತಡೆಯುವ ತುರ್ತು ಮಾತ್ರೆಯನ್ನೂ ಕೇಳಬೇಕು.

ಆಪರೇಷನ್ ಮಾತು ಬಂದಾಗ ಡ್ರೈವರಣ್ಣ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಟ್ಟರು. "ಆಪರೇಷನ್ ಆಗಿದೆ ಅಲ್ವಾ, ಇನ್ನು ಒಳಗೆ ಹೋದ್ರೂ ಏನಾಗುತ್ತೆ ಅಂತ ಒಂದೊಂದ್ಸಲ ಅನ್ಸುತ್ತೆ ಮೇಡಮ್." ಆಪರೇಷನ್ನಿನಲ್ಲಿ ಕಟ್ಟುವುದು ಅಂಡಾಣು ಬರುವ ನಾಳವನ್ನು. ಅದು ಹೊಟ್ಟೆಯ ಒಳಗೆ, ಮೇಲೆ ಎಲ್ಲೋ ಇದೆ. ಸೋಂಕು ಹತ್ತುವುದು ಯೋನಿಯ ಗೋಡೆಗೆ, ಗರ್ಭಕೋಶದ ಬಾಯಿಗೆ. ಅಲ್ಲಿ ಯಾವ ಗಂಟೂ ಇಲ್ಲ. ಕಾಪರ್‌ಟಿ, ಮಾತ್ರೆ, ಇಂಜೆಕ್ಷನ್ ಹಾಕಿಸಿಕೊಂಡವರಿಗೂ ಇದೇ ಮಾತು. ಮಗು ಬೇಡ ಅಂತ ಮಾಡಿದ ಯಾವ ಉಪಾಯವೂ ಸೋಂಕು ತಡೆಯುವುದಿಲ್ಲ. ಎರಡನ್ನೂ ತಡೆಯುವುದು ನಿರೋಧ್ ಒಂದೇ.

"ಹಂಗಾದ್ರೆ ಇದು ಹಾಕಿದ್ರೆ ಎಲ್ಲಾ ರೋಗಾನೂ ನಿಲ್ಲುತ್ತಾ?" ಅಕ್ಕ ಕೇಳಿದ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆ, ಉತ್ತರ ಮಾತ್ರ ಒಂದೇ ಪದದಲ್ಲಿ ಇಲ್ಲ. ಪ್ರತಿ ಸಲ ಬಿಡದೆ ಬಳಸುವ ಜೋಡಿಗಳಲ್ಲಿ ಎಚ್‌ಐವಿ ಹರಡುವುದು ಸುಮಾರು ನೂರಕ್ಕೆ 80ರಷ್ಟು ಕಡಿಮೆಯಾಗುತ್ತದೆ. ವೀರ್ಯ, ಕೀವು, ಯೋನಿಯ ದ್ರವದಲ್ಲಿ ಸಾಗುವ ಗೊನೋರಿಯಾ, ಕ್ಲಮಿಡಿಯಾ, ಹೆಪಟೈಟಿಸ್ ಬಿ ಕೂಡ ನಿರೋಧಿಗೆ ಚೆನ್ನಾಗಿ ತಗ್ಗುತ್ತವೆ. ಆದರೆ ಚರ್ಮಕ್ಕೆ ಚರ್ಮ ತಾಗಿ ಬರುವವು ಬೇರೆ. ಸಿಫಿಲಿಸ್ ಹುಣ್ಣು, ಹರ್ಪಿಸ್ ಗುಳ್ಳೆ, ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್. ಹುಣ್ಣು ನಿರೋಧ್ ಮುಚ್ಚುವ ಜಾಗದಲ್ಲಿದ್ದರೆ ರಕ್ಷಣೆ ಸಿಗುತ್ತದೆ. ಬುಡದ ಕೂದಲಿನ ಹತ್ತಿರ, ವೃಷಣದ ಮೇಲೆ, ತೊಡೆಸಂದಿಯಲ್ಲಿ ಇದ್ದರೆ ಸಿಗುವುದಿಲ್ಲ. ಹಾಗಾಗಿ ಹುಣ್ಣು, ಗುಳ್ಳೆ ಕಂಡ ದಿನಗಳಲ್ಲಿ ನಿರೋಧ್ ಇದ್ದರೂ ಸೇರುವುದು ಬೇಡ. ಮೊದಲು ತೋರಿಸಬೇಕು. ಹುಣ್ಣಿದ್ದ ಕಡೆ ಎಚ್‌ಐವಿಯೂ ಸುಲಭವಾಗಿ ನುಸುಳುತ್ತದೆ. ಅವತ್ತೇ ಇಬ್ಬರಿಗೂ ಸಿಫಿಲಿಸ್ ರಕ್ತ ಪರೀಕ್ಷೆ ಮಾಡಿಸಿದೆವು. ಇಬ್ಬರದೂ ನೆಗೆಟಿವ್.

ಇನ್ನೇನು ಏಳಬೇಕು ಅನ್ನುವಾಗ ಅಕ್ಕ ಗಂಡನನ್ನು ಟೀ ಕುಡಿದು ಬನ್ನಿ ಅಂತ ಹೊರಗೆ ಕಳಿಸಿದರು. ಆಮೇಲೆ ಮೆಲ್ಲಗೆ ಹೇಳಿದರು. ಟ್ರಿಪ್ ಮುಗಿಸಿ ಬಂದ ರಾತ್ರಿ ಕುಡಿದಿರುತ್ತಾರೆ. ಆಗ ಹೇಳಿದ್ದು ಯಾವುದೂ ನೆನಪಿರುವುದಿಲ್ಲ. "ನನ್ನ ಕೈಲಿ ಇರೋದು ಏನಾದ್ರೂ ಇದ್ಯಾ ಮೇಡಮ್?"

ಇದೆ. ಹೆಂಗಸರ ಕಾಂಡೋಮ್. ನಮ್ಮಲ್ಲಿ ಅದು ಯಾವಾಗಲೂ ಇರುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಹುಡುಗ ಗಾಬರಿಯಾಗಿ ಓನರನ್ನು ಕರೆಯುತ್ತಾನೆ. ಬೆಲೆಯೂ ಜಾಸ್ತಿ. ಅವತ್ತು ನನ್ನ ಬೀರುವಿನಲ್ಲಿ ನಾಲ್ಕು ಉಳಿದಿದ್ದವು.

ಅದು ಒಂದು ಗೇಣಿನಷ್ಟು ಉದ್ದದ ಮೆತ್ತನೆ ಚೀಲ. ಎರಡು ರಿಂಗ್ ಇರುತ್ತವೆ. ಮುಚ್ಚಿದ ತುದಿಯೊಳಗೆ ಒಂದು ಬಿಡಿ ರಿಂಗ್, ತೆರೆದ ಬಾಯಿಗೆ ಅಂಟಿದ ದೊಡ್ಡ ರಿಂಗ್. ಒಳಗಿನ ರಿಂಗನ್ನು ಬೆರಳಲ್ಲಿ ಒತ್ತಿದರೆ ಇಂಗ್ಲಿಷಿನ ಎಂಟರ ಥರ ಕಿರಿದಾಗುತ್ತದೆ. ಕುಕ್ಕರಗಾಲಲ್ಲಿ ಕೂತೋ, ಒಂದು ಕಾಲನ್ನು ಮಣೆಯ ಮೇಲಿಟ್ಟೋ ಅದನ್ನು ಒಳಗೆ ತಳ್ಳಬೇಕು. ಆಮೇಲೆ ಚೀಲದೊಳಗೆ ತೋರುಬೆರಳು ಹಾಕಿ, ರಿಂಗನ್ನು ಹೋಗುವಷ್ಟು ದೂರ ಮೇಲಕ್ಕೆ ಒತ್ತಬೇಕು. ಸರಿಯಾಗಿ ಕೂತರೆ ಒಳಗೆ ಇರುವುದು ಗೊತ್ತೇ ಆಗುವುದಿಲ್ಲ. ಚುಚ್ಚಿದ ಹಾಗಾದರೆ ಇನ್ನೂ ಸ್ವಲ್ಪ ಒತ್ತಬೇಕು ಅಂತ ಅರ್ಥ. ಹೊರಗಿನ ರಿಂಗ್ ಹೊರಗೇ ಇರಬೇಕು. ಸೇರುವುದಕ್ಕೆ ಎಂಟು ಗಂಟೆ ಮುಂಚೆ ಬೇಕಾದರೂ ಹಾಕಿಕೊಳ್ಳಬಹುದು. ಅಕ್ಕನಿಗೆ ಹಿಡಿಸಿದ್ದು ಇದೇ. ಫೋನಿನಲ್ಲಿ "ಹೊಸಕೋಟೆ ದಾಟಿದೆ" ಅಂದ ಕೂಡಲೇ ತಯಾರಾಗಿರಬಹುದು.

ಇದು ನೈಟ್ರೈಲಿನದು, ಲ್ಯಾಟೆಕ್ಸ್ ಅಲ್ಲ. ಕೊಬ್ಬರಿ ಎಣ್ಣೆ ಹಚ್ಚಿದರೂ ಹರಿಯುವುದಿಲ್ಲ. ಅಕ್ಕ ಇದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಹೊರಗಿನ ಭಾಗವನ್ನೂ ಒಂದಷ್ಟು ಮುಚ್ಚುತ್ತದೆ. ಆದರೆ ಗಂಡಸರ ನಿರೋಧಿನ ಜೊತೆ ಹಾಕುವ ಹಾಗಿಲ್ಲ, ಒಂದಕ್ಕೊಂದು ಉಜ್ಜಿ ಜಾರುತ್ತವೆ. ಹರಿಯುವುದು ಅಪರೂಪ, ಇದರ ತೊಂದರೆ ಬೇರೆ. ಶಿಶ್ನ ಚೀಲದೊಳಗೆ ಹೋಗದೆ ಪಕ್ಕದಿಂದ ನುಗ್ಗಿಬಿಡಬಹುದು. ಅದಕ್ಕೇ ಶುರುವಿನಲ್ಲಿ ಕೈಯಿಂದ ದಾರಿ ತೋರಿಸಬೇಕು. ಇಲ್ಲವೇ ಹೊರಗಿನ ರಿಂಗ್ ಒಳಗೆ ಸೇರಿಕೊಳ್ಳಬಹುದು. ಹಾಗಾದರೆ ನಿಲ್ಲಿಸಿ ಸರಿ ಮಾಡಿಕೊಳ್ಳಬೇಕು. ತೆಗೆಯುವಾಗ ಮಲಗಿದಲ್ಲೇ ಹೊರಗಿನ ರಿಂಗನ್ನು ಎರಡು ಸುತ್ತು ತಿರುಚಿ ಎಳೆಯಬೇಕು. ಎದ್ದು ನಿಂತರೆ ಚೆಲ್ಲುತ್ತದೆ. ಒಂದು ಒಂದೇ ಸಲಕ್ಕೆ. ಬಸಿರು ತಡೆಯುವ ಲೆಕ್ಕದಲ್ಲಿ ಗಂಡಸರ ನಿರೋಧಿಗಿಂತ ಇದು ಸ್ವಲ್ಪ ಹಿಂದೆ. ಮುಖ್ಯ ಕಾರಣ ಅಭ್ಯಾಸ ಇಲ್ಲದಿರುವುದು. ಮೊದಲ ಎರಡನ್ನು ಗಂಡ ಊರಲ್ಲಿ ಇಲ್ಲದಾಗ ಸುಮ್ನೆ ಹಾಕಿ ತೆಗೆದು ಅಭ್ಯಾಸ ಮಾಡಿಕೊಳ್ಳಿ ಅಂತ ಹೇಳಿ ಕಳಿಸಿದೆ.

ಹದಿನೈದು ದಿನಕ್ಕೆ ಅಕ್ಕ ಒಬ್ಬರೇ ಬಂದರು. ಮಾತ್ರೆ ತಪ್ಪಿಲ್ಲ, ಮೊದಲ ವಾರ ವಾಕರಿಕೆ ಇತ್ತು, ಈಗಿಲ್ಲ. ಹೆಂಗಸರ ಕಾಂಡೋಮ್ ಒಂದು ಸಲ ಬಳಸಿದ್ದಾರೆ. "ಕವರ್ ಥರ ಸರಸರ ಅನ್ನುತ್ತೆ ಮೇಡಮ್, ಮಕ್ಳು ಎದ್ರೆ ಅಂತ ಭಯ." ಎಣ್ಣೆ ಅಥವಾ ಜೆಲ್ ಸ್ವಲ್ಪ ಜಾಸ್ತಿ ಹಾಕಿದರೆ ಸದ್ದು ಕಡಿಮೆಯಾಗುತ್ತದೆ ಅಂದೆ. ಡ್ರೈವರಣ್ಣ ಈಗ ನಿರೋಧನ್ನು ಲಾರಿಯಲ್ಲಿ ಗಾಜಿನ ಹತ್ತಿರ ಇಡುವುದಿಲ್ಲ, ಬಟ್ಟೆ ಬ್ಯಾಗಿನ ಮಧ್ಯೆ ಸ್ಟೀಲ್ ಡಬ್ಬಿಯಲ್ಲಿ ಇಡುತ್ತಾರಂತೆ. ಮನೆಯದು ಬೀರುವಿನಲ್ಲಿ, ಜೆಲ್ ಟ್ಯೂಬಿನ ಪಕ್ಕ.

ಆರು ವಾರಕ್ಕೆ ಅಕ್ಕನ ಪರೀಕ್ಷೆ ನೆಗೆಟಿವ್. ಮೂರು ತಿಂಗಳಿಗೂ ನೆಗೆಟಿವ್. ಅದೇ ನವೆಂಬರಿನಲ್ಲಿ ಡ್ರೈವರಣ್ಣನ ವೈರಲ್ ಲೋಡ್ ವರದಿ ಬಂತು. ಯಂತ್ರಕ್ಕೆ ಸಿಗದಷ್ಟು ಕಡಿಮೆ. ಮಾತ್ರೆ ಬಿಡದೆ ಹಾಗೇ ಉಳಿಸಿಕೊಂಡರೆ ಸೇರುವುದರಿಂದ ಎಚ್‌ಐವಿ ದಾಟುವುದಿಲ್ಲ ಅಂತ ಡಾಕ್ಟರು ಇಬ್ಬರಿಗೂ ಬಿಡಿಸಿ ಹೇಳಿದರು. ಡ್ರೈವರಣ್ಣ ನನ್ನ ಕಡೆ ತಿರುಗಿ, "ಹಂಗಾದ್ರೆ ಇನ್ನು ನಿರೋಧ್ ಬೇಡ್ವಾ?" ಅಂದರು. ಆ ವರದಿ ಹೇಳುವುದು ಎಚ್‌ಐವಿ ಒಂದರ ಬಗ್ಗೆ, ಗೊನೋರಿಯಾ, ಸಿಫಿಲಿಸ್ ಬಗ್ಗೆ ಅಲ್ಲ ಅಂತ ನಾನು ಹೇಳುತ್ತಿದ್ದೆ. ಅಕ್ಕ ನಡುವೆಯೇ ಬಾಯಿ ಹಾಕಿದರು: "ಲಾರಿ ಎಲ್ಲೆಲ್ಲಿ ನಿಲ್ಲುತ್ತೋ ನಂಗೇನು ಗೊತ್ತು? ಕೊಡಿ ಮೇಡಮ್, ಎರಡು ಸ್ಟ್ರಿಪ್ ಕೊಡಿ."

ಎರಡು ಸ್ಟ್ರಿಪ್ ಕೊಟ್ಟೆ. ಡ್ರೈವರಣ್ಣ ಅದನ್ನು ಹಿಂದಿನ ಜೇಬಿಗೆ ಹಾಕುವುದಕ್ಕೆ ಹೋದರು. ಅಕ್ಕ ಕೈ ಚಾಚಿ ಇಸಿದುಕೊಂಡು ತಮ್ಮ ಬ್ಯಾಗಿಗೆ ಹಾಕಿಕೊಂಡರು. ಫೆಬ್ರವರಿಗೆ ಆಕೆಯ ಆರನೇ ತಿಂಗಳ ಪರೀಕ್ಷೆ ಇದೆ, ತಾರೀಖು ಬರೆದುಕೊಟ್ಟಿದ್ದೇನೆ.